ಸಸಿ ನೆಡುವ ಬೆಳಗಿಗೆ ನಾಲ್ಕು ಸಾಲು: ಎಲ್ಲ ಧರ್ಮದವರೂ ಕೂಡಿ ನುಡಿಯಬಹುದಾದ ಪದ್ಯದ ರಚನೆ



1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವವು ಪ್ರತಿವರ್ಷ ಜುಲೈ ಮೊದಲ ವಾರದಲ್ಲಿ ನಡೆದುಬಂದಿದೆ. ಜೂನ್ 5ರಂದು ವಿಶ್ವ ಪರಿಸರ ದಿನ. ಮುಂಗಾರು ನೆಲೆಗೊಳ್ಳುವ ಈ ದಿನಗಳಲ್ಲಿ ಊರೂರಿನಲ್ಲಿ ಸಸಿ ನೆಡುವ ಕಾರ್ಯಕ್ರಮಗಳು ಜರುಗುತ್ತವೆ. ಮಠದ ಭಕ್ತರು, ಮಸೀದಿಯ ಹಿರಿಯರು, ಚರ್ಚಿನ ಪಾದ್ರಿಗಳು, ಬಸದಿಯ ಶ್ರಾವಕರು, ಶಾಲೆಯ ಮಕ್ಕಳು ಒಂದೇ ಅಂಗಳದಲ್ಲಿ ಸೇರುವ ಅಪರೂಪದ ಬೆಳಗು ಅದು. ಆರಂಭದಲ್ಲಿ ಎಲ್ಲರೂ ಕೂಡಿ ಏನನ್ನಾದರೂ ನುಡಿಯಬೇಕೆಂಬ ಅಪೇಕ್ಷೆ ಸಹಜ. ಆದರೆ ಏನನ್ನು ನುಡಿಯಬೇಕೆಂಬಲ್ಲಿ ತೊಡಕು ಆರಂಭವಾಗುತ್ತದೆ. ಒಬ್ಬರ ಪ್ರಾರ್ಥನೆಯನ್ನು ಹೇಳಿಸಿದರೆ ಉಳಿದವರು ಕೈಕಟ್ಟಿ ನಿಂತಿರುತ್ತಾರೆ; ಎಲ್ಲರದನ್ನೂ ಹೇಳಿಸಿದರೆ ಬೆಳಗು ಮುಗಿದು ಬಿಸಿಲೇರುತ್ತದೆ. ಆ ಸಂದರ್ಭಕ್ಕೆಂದೇ ನಾಲ್ಕು ಸಾಲಿನ ಪದ್ಯವೊಂದನ್ನು ಬರೆಯುವ ಕ್ರಮವನ್ನು, ಒಂದು ಉದಾಹರಣೆಯನ್ನು ಮೊದಲಿಂದ ಕೊನೆಯವರೆಗೆ ತಿದ್ದುತ್ತ, ಇಲ್ಲಿ ವಿವರಿಸಲಾಗಿದೆ.

ಪದ್ಯ ಯಾರೊಡನೆ ಮಾತನಾಡುತ್ತದೆ?

ಒಂದು ಬೆಳಗನ್ನು ಕಲ್ಪಿಸಿಕೊಳ್ಳೋಣ. ಊರಿನ ಶಾಲೆಯ ಆವರಣದಲ್ಲಿ ಹೊಂಗೆ, ಬೇವು, ನೇರಳೆಯ ನಲವತ್ತು ಸಸಿಗಳನ್ನು ನೆಡಬೇಕಾಗಿದೆ. ಪದ್ಯ ಬರೆಯುವ ಹೊಣೆ ಹೊತ್ತ ಭಕ್ತರೊಬ್ಬರು ಮೊದಲು ಹೀಗೆ ಬರೆದರೆಂದಿಟ್ಟುಕೊಳ್ಳೋಣ:

ಭೂತಾಯೆ ವಂದಿಪೆವು, ಮಳೆಯ ನೀ ಕರುಣಿಸು,
ಅಲ್ಲಾ ಯೇಸು ಶಿವ ಬುದ್ಧ ಎಲ್ಲರೂ ಹರಸಿರಿ,
ಕೋಟಿ ವೃಕ್ಷವ ನೆಟ್ಟು ಸ್ವರ್ಗವನೆ ತರುವೆವು,
ಜಗದ ಮಾಲಿನ್ಯವನು ಇಂದೆ ಅಳಿಸುವೆವು.

ಬರೆದವರ ಭಾವ ನಿರ್ಮಲವಾದದ್ದು. ಆದರೂ ಈ ಪದ್ಯವನ್ನು ಆ ಅಂಗಳದಲ್ಲಿರುವ ಎಲ್ಲರೂ ನುಡಿಯಲಾರರು. ಮೊದಲ ಸಾಲು ಭೂಮಿಯನ್ನೇ ವಂದಿಸಿ, ಭೂಮಿಯನ್ನೇ ಬೇಡುತ್ತದೆ. ಅಥರ್ವವೇದದ ಹನ್ನೆರಡನೆಯ ಕಾಂಡದ ಭೂಮಿಸೂಕ್ತವನ್ನು ಬಲ್ಲವರಿಗೆ ಅದು ಹಿತವೆನಿಸುತ್ತದೆ, ಏಕೆಂದರೆ ಅಲ್ಲಿ ಭೂಮಿ ತಾಯಿ. ಆದರೆ ಮುಸ್ಲಿಮರಿಗೆ ಆರಾಧನೆ ಸಲ್ಲುವುದು ಸೃಷ್ಟಿಸಿದವನಿಗೇ ಹೊರತು ಸೃಷ್ಟಿಗಲ್ಲ. ಕ್ರೈಸ್ತರ ನಿಲುವೂ ಅದೇ. ಅವರು ನೆಲವನ್ನು ಕಡೆಗಣಿಸುವುದಿಲ್ಲ; ನೆಲಕ್ಕೆ ಪ್ರಾರ್ಥಿಸುವುದಿಲ್ಲ, ಅಷ್ಟೇ.

ಹಾಗಾದರೆ ‘ಸೃಷ್ಟಿಕರ್ತನೇ’ ಎಂದು ಕರೆದರೆ ಸರಿಹೋಗುವುದೇ? ಆಗ ಜೈನರಿಗೂ ಬೌದ್ಧರಿಗೂ ತೊಡಕಾಗುತ್ತದೆ. ಜಗತ್ತನ್ನು ಸೃಷ್ಟಿಸಿದ ಕರ್ತನೊಬ್ಬನಿದ್ದಾನೆಂಬುದು ಅವರ ದರ್ಶನಗಳಲ್ಲಿ ಇಲ್ಲ.

ಎರಡನೆಯ ಸಾಲು ಹೆಸರುಗಳ ಪಟ್ಟಿ. ಸರ್ವಧರ್ಮ ಪದ್ಯವೆಂದೊಡನೆ ಕೈ ಮೊದಲು ಹೋಗುವುದು ಇಲ್ಲಿಗೇ. ಪಟ್ಟಿಗೆ ಎರಡು ದೋಷಗಳಿವೆ. ಒಂದು, ಅದು ಎಂದೂ ಪೂರ್ಣವಾಗುವುದಿಲ್ಲ. ಮಹಾವೀರರ ಹೆಸರಿಲ್ಲದ್ದನ್ನು ಬಸದಿಯಿಂದ ಬಂದವರು ಗಮನಿಸುತ್ತಾರೆ, ಸಿಖ್ಖರ ಸ್ಮರಣೆ ಇಲ್ಲದ್ದನ್ನು ಸಿಖ್ಖರು ಗಮನಿಸುತ್ತಾರೆ. ಎರಡು, ಎಲ್ಲರನ್ನೂ ‘ಹರಸಿರಿ’ ಎಂಬ ಒಂದೇ ಕ್ರಿಯಾಪದಕ್ಕೆ ಕಟ್ಟಿದಾಗ ಪ್ರತಿಯೊಬ್ಬರ ನಂಬಿಕೆಯೂ ತುಸು ತಪ್ಪಾಗಿ ಹೇಳಲ್ಪಡುತ್ತದೆ. ಬುದ್ಧ ವರವೀಯುವ ದೇವರಲ್ಲ, ದಾರಿ ತೋರಿದ ಗುರು. ಅಲ್ಲಾಹನನ್ನು ಹಲವರ ಸಾಲಿನಲ್ಲಿ ಒಬ್ಬನಾಗಿ ನಿಲ್ಲಿಸುವುದು ಇಸ್ಲಾಮಿನ ಏಕದೇವ ತತ್ತ್ವಕ್ಕೆ ಒಪ್ಪದು. ನಮಗಾದರೂ ಅಂಗೈಯ ಇಷ್ಟಲಿಂಗದಲ್ಲಿ ಕಾಣುವ ನಿರಾಕಾರ ಪರಶಿವನನ್ನು ಪಟ್ಟಿಯ ಮೂರನೆಯ ಹೆಸರಾಗಿ ಓದುವುದು ಹಿತವೇ?

ಮೂರನೆಯ ಮತ್ತು ನಾಲ್ಕನೆಯ ಸಾಲುಗಳ ದೋಷ ಬೇರೆ ಬಗೆಯದು. ನೆಡುವುದು ನಲವತ್ತು ಸಸಿ, ಬಾಯಲ್ಲಿ ಕೋಟಿ. ಇಂದೇ ಅಳಿಸುತ್ತೇವೆಂಬ ಮಾಲಿನ್ಯ ಆ ಬೆಳಗಿನ ಪ್ಲಾಸ್ಟಿಕ್ ಲೋಟಗಳಲ್ಲಿಯೇ ಉಳಿದಿರುತ್ತದೆ. ಆಡಿದ ಮಾತು ಮಾಡುವ ಕೆಲಸಕ್ಕೆ ಹೊಂದದಿದ್ದರೆ ಅದು ನಮ್ಮ ಶರಣರ ಮಾರ್ಗಕ್ಕೆ ಸಲ್ಲದು.

ಬೇಡಿಕೆಯ ಬದಲು ಸಂಕಲ್ಪ, ಹೆಸರಿನ ಬದಲು ಹಾರೈಕೆ

ಈ ತೊಡಕುಗಳಲ್ಲಿ ಹೆಚ್ಚಿನವು ಒಂದೇ ಮೂಲದಿಂದ ಹುಟ್ಟಿವೆ: ಪದ್ಯವು ಕಾಣದವರೊಬ್ಬರನ್ನು ಕರೆದು ಅವರಲ್ಲಿ ಬೇಡುತ್ತಿದೆ. ಯಾರನ್ನು ಕರೆಯಬೇಕೆಂಬುದರಲ್ಲಿಯೇ ಧರ್ಮಗಳು ಭಿನ್ನವಾಗಿವೆ. ಅವು ಸಮೀಪಿಸುವುದು ಬೇರೊಂದು ಎಡೆಯಲ್ಲಿ, ನೆಲದ ವಿಷಯದಲ್ಲಿ ಮನುಷ್ಯನು ಏನು ಮಾಡಬೇಕು ಎಂಬಲ್ಲಿ.

ಬೈಬಲಿನ ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸುವುದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕಾಗಿ. ಕುರ್‌ಆನ್ ಮನುಷ್ಯನನ್ನು ಭೂಮಿಯ ಮೇಲಿನ ಖಲೀಫ, ಅಂದರೆ ಹೊಣೆ ಹೊತ್ತ ಪ್ರತಿನಿಧಿ ಎನ್ನುತ್ತದೆ. ನೆಟ್ಟ ಗಿಡದಿಂದ ಹಕ್ಕಿಯಾಗಲಿ ಮನುಷ್ಯನಾಗಲಿ ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವನ ದಾನವೆಂದು ಪ್ರವಾದಿಗಳ ಬೋಧನೆ ಇದೆ. ಜೈನ ದರ್ಶನದಲ್ಲಿ ಗಿಡವೂ ಏಕೇಂದ್ರಿಯ ಜೀವ. ಅದನ್ನು ಕಾಯುವುದು ಅಹಿಂಸೆಯ ಭಾಗ. ಅಶೋಕನ ಶಾಸನಗಳು ದಾರಿಯ ಬದಿ ಆಲದ ಮರಗಳನ್ನು ನೆಡಿಸಿದ್ದನ್ನು ಹೇಳುತ್ತವೆ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂಬುದು ಅಲ್ಲಿ ಕೊಟ್ಟ ಕಾರಣ. ನಮ್ಮಲ್ಲಿ ಕಾಯಕದಿಂದ ಬಂದದ್ದು ದಾಸೋಹಕ್ಕೆ, ತನ್ನದೆಂದು ಕೂಡಿಡುವುದಕ್ಕಲ್ಲ. ಈ ಮಾತುಗಳು ಒಂದೇ ಅಲ್ಲ, ಒಂದೇ ಎಂದು ಹೇಳಬೇಕಾಗಿಯೂ ಇಲ್ಲ. ಆದರೆ ನೆಲ ನಮ್ಮ ಸ್ವಂತದ ಸೊತ್ತಲ್ಲ, ಸಲಹುವ ಹೊಣೆ ನಮ್ಮದು ಎಂಬ ಮಾತನ್ನು ಇವರಲ್ಲಿ ಯಾರೂ ಅಳುಕದೆ ನುಡಿಯಬಲ್ಲರು.

ಆದ್ದರಿಂದ ಪದ್ಯವು ಬೇಡಿಕೆಯಾಗದೆ ಸಂಕಲ್ಪವಾಗಲಿ. ನೆಲದ ಆರೈಕೆಯನ್ನು ಅದು ನೆರೆದವರಿಂದಲೇ ಕೇಳಲಿ. ಹಾರೈಕೆಯನ್ನು ಸೇರಿಸಬೇಕೆನಿಸಿದರೆ ಕನ್ನಡದ ವ್ಯಾಕರಣವೇ ನೆರವಿಗೆ ಬರುತ್ತದೆ. ‘ಕರುಣಿಸು’, ‘ಕೊಡು’, ‘ಹರಸು’ ಎಂಬ ರೂಪಗಳಿಗೆ ಎದುರಿಗೆ ಒಬ್ಬರು ಬೇಕೇ ಬೇಕು. ‘ಇರಲಿ’, ‘ಬೆಳೆಯಲಿ’, ‘ಚಿಗುರಲಿ’ ಎಂಬ ವಿಧ್ಯರ್ಥಕ ರೂಪಗಳಿಗೆ ಹಾಗಿಲ್ಲ. ಈಯುವವನಾರೆಂದು ಹೇಳದೆಯೇ ಅವು ಹಾರೈಕೆಯನ್ನು ಪೂರ್ಣಗೊಳಿಸುತ್ತವೆ. ನುಡಿಯುವವರು ತಮ್ಮ ನಂಬಿಕೆಯ ಹೆಸರನ್ನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ. ದೇವರನ್ನು ನಂಬದವರೂ ತುಟಿ ಬಿಗಿಯಬೇಕಾಗಿಲ್ಲ. ‘ಬಂದಿದೆ’ ಎಂಬ ಕ್ರಿಯಾಪದವೂ ಅಂಥದ್ದೇ. ‘ಕೊಟ್ಟನು’ ಎಂದರೆ ಕೊಟ್ಟವನಾರೆಂಬ ಪ್ರಶ್ನೆ ಏಳುತ್ತದೆ. ‘ಬಂದಿದೆ’ ಎಂದರೆ ಆ ಎಡೆ ತೆರೆದೇ ಇರುತ್ತದೆ.

ವಚನವೇಕೆ ಬೇಡ, ರಗಳೆಯ ನಡೆಯೇಕೆ ಬೇಕು

ಪದ್ಯವೆಂದೊಡನೆ ನಮ್ಮ ಭಕ್ತರ ಮನಸ್ಸು ವಚನದ ರೂಪದತ್ತ ವಾಲುತ್ತದೆ. ಈ ಸಂದರ್ಭಕ್ಕೆ ಅದು ಹೊಂದದಿರುವುದಕ್ಕೆ ಎರಡು ಕಾರಣಗಳಿವೆ. ವಚನದ ಪ್ರಾಣ ಅದರ ಅಂಕಿತ. ಅಂಕಿತವು ಶರಣರ ಆರಾಧ್ಯ ದೈವದ ಹೆಸರು. ಅದನ್ನು ಇನ್ನೊಬ್ಬರ ಬಾಯಲ್ಲಿ ಒತ್ತಾಯದಿಂದ ನುಡಿಸುವುದು ಅಂಕಿತಕ್ಕೂ ಗೌರವವಲ್ಲ, ನುಡಿಯುವವರಿಗೂ ಗೌರವವಲ್ಲ. ಎರಡನೆಯದಾಗಿ, ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಒಬ್ಬರು ಓದಿದರೆ ಅದು ಎದೆಗೆ ತಾಕುತ್ತದೆ. ಮೊದಲ ಬಾರಿ ಕಾಣುತ್ತಿರುವ ನೂರು ಜನ ಕೂಡಿ ನುಡಿದರೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ದನಿಗಳು ಚದುರುತ್ತವೆ. ವಚನವನ್ನು ಓದಲೇಬೇಕೆನಿಸಿದರೆ ಸಭೆಯಲ್ಲಿ ಭಕ್ತರೊಬ್ಬರು ಪ್ರತ್ಯೇಕವಾಗಿ ಓದಲಿ, ಉಳಿದವರು ಆಲಿಸಲಿ.

ಕೂಡಿ ನುಡಿಯಲು ಸುಲಭವಾದದ್ದು ನಾಲ್ಕು ಮಾತ್ರೆಯ ನಡೆ. ಹರಿಹರ ಮಹಾಕವಿಯು ಶರಣರ ಚರಿತೆಗಳನ್ನು ಹೇಳಲು ಆಯ್ದುಕೊಂಡ ರಗಳೆಗಳಲ್ಲಿ ಮಂದಾನಿಲ ರಗಳೆಯ ಒಂದು ಬಗೆ ಇದು: ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ. ಚಪ್ಪಾಳೆಗೋ ಹೆಜ್ಜೆಗೋ ಅದು ತಾನಾಗಿ ಕೂಡಿಕೊಳ್ಳುತ್ತದೆ.

ಮಾತ್ರೆಯ ಲೆಕ್ಕ ಕಷ್ಟದ್ದಲ್ಲ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರಕ್ಕೆ ಎರಡು; ಅದು ಗುರು. ಹ್ರಸ್ವವಾಗಿದ್ದರೂ ಅದರ ಮುಂದೆ ಒತ್ತಕ್ಷರ ಬಂದರೆ, ಅಥವಾ ಅದಕ್ಕೆ ಅನುಸ್ವಾರ ಕೂಡಿದ್ದರೆ ಅದೂ ಗುರುವೇ. ‘ನಮ್ಮದು’ ಎಂಬಲ್ಲಿ ‘ನ’ದ ಮುಂದೆ ಒತ್ತು ಇದೆ, ಆದ್ದರಿಂದ ಎರಡು, ಒಂದು, ಒಂದು, ಒಟ್ಟು ನಾಲ್ಕು. ‘ಸಲಹಲು’ ಎಂಬಲ್ಲಿ ನಾಲ್ಕು ಲಘುಗಳು, ಅದೂ ನಾಲ್ಕೇ. ಇನ್ನು ‘ಬೇಸಿಗೆಯಲ್ಲಿ ನೀರು ಹಾಕುತ್ತೇವೆ’ ಎಂಬ ಗದ್ಯದ ಸಾಲನ್ನು ಎಣಿಸಿ ನೋಡಿ. ‘ಬೇಸಿಗೆ’ ನಾಲ್ಕಕ್ಕೆ ನಿಂತಿತು. ಮುಂದಿನ ‘ಯಲ್ಲಿ’ ಮೂರಕ್ಕೆ ನಿಂತು, ಅನಂತರ ಬರುವ ‘ನೀ’ ಎರಡು ಮಾತ್ರೆಯದಾದ್ದರಿಂದ ಗಣ ಐದಕ್ಕೆ ಜಾರಿತು. ಗುಂಪು ತಡವರಿಸುವುದು ಸರಿಯಾಗಿ ಇಂಥ ಎಡೆಯಲ್ಲಿಯೇ.

ಪದ್ಯವನ್ನು ಕಟ್ಟಿದ ಬಗೆ

ನಮ್ಮ ಉದಾಹರಣೆಯ ಭಕ್ತರು ಈಗ ಹೊಸದಾಗಿ ತೊಡಗುತ್ತಾರೆ. ಹೇಳಬೇಕಾದದ್ದು ನಾಲ್ಕು ಮಾತು: ನೆಲ ನಮ್ಮೊಬ್ಬರದಲ್ಲ; ಸಲಹುವ ಹೊಣೆ ನಮ್ಮದು; ಆ ಹೊಣೆಯನ್ನು ಹೀಗೆ ನೆರವೇರಿಸುತ್ತೇವೆ; ಫಲ ಎಲ್ಲರಿಗೂ ದೊರೆಯಲಿ. ಸಾಲಿಗೊಂದು ಮಾತು. ನೆನಪಿಗೆ ಆಸರೆಯಾಗಲೆಂದು ಆದಿಪ್ರಾಸವನ್ನು, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವನ್ನು, ಇರಿಸಿಕೊಳ್ಳಬಹುದು. ‘ನೆಲ’ ಎಂಬ ಪದವನ್ನು ಬಿಡುವಂತಿಲ್ಲವಾದ್ದರಿಂದ ಪ್ರಾಸಾಕ್ಷರ ‘ಲ’ ಆಯಿತು.

ಮೊದಲ ಸಾಲು ಅವರಿಗೆ ಹೊಳೆದದ್ದು ‘ನೆಲವಿದು ನಮ್ಮದು ಎನ್ನೆವು ನಾವು’ ಎಂದು. ಮಾತ್ರೆ ಸರಿಯಿದೆ, ಅರ್ಥವೂ ಗಂಭೀರವಾಗಿದೆ. ಆದರೆ ‘ಎನ್ನೆವು’ ಎಂದರೆ ‘ಎನ್ನುವುದಿಲ್ಲ’ ಎಂಬುದು ಹಳಗನ್ನಡದ ಪರಿಚಯವುಳ್ಳವರಿಗಷ್ಟೇ ತಿಳಿಯುತ್ತದೆ. ಶಾಲೆಯ ಮಕ್ಕಳ ಕಿವಿಗೆ ಅದು ‘ಎನ್ನುವೆವು’ ಎಂದೇ ಕೇಳಿಸಿ, ಸಾಲಿನ ಅರ್ಥ ತಿರುವುಮುರುವಾಗುತ್ತದೆ. ಆ ಸಾಲನ್ನು ಬಿಟ್ಟು ‘ನೆಲವಿದು ನಮ್ಮದು ಮಾತ್ರವೆ ಅಲ್ಲ’ ಎಂದು ತಿದ್ದಿದಾಗ ಗಾಂಭೀರ್ಯ ತುಸು ತಗ್ಗಿದರೂ ಮಾತು ನೇರವಾಯಿತು. ಹಕ್ಕಿಪಕ್ಷಿಗಳಿಗೂ ಮುಂದಿನ ಪೀಳಿಗೆಗೂ ಅದರಲ್ಲಿ ಎಡೆ ದೊರೆಯಿತು. ಹೀಗೆ ತಿದ್ದಿ ಮುಗಿಸಿದ ಪದ್ಯ ಇದು:

ನೆಲವಿದು ನಮ್ಮದು ಮಾತ್ರವೆ ಅಲ್ಲ,
ಸಲಹಲು ಬಂದಿದೆ ನಮ್ಮಯ ಕೈಗೆ;
ಜಲವನು ಎರೆವೆವು ಬೇಸಿಗೆ ತುಂಬ,
ಎಲೆಗಳ ನೆರಳಿದು ಎಲ್ಲರಿಗಿರಲಿ.

ಎಣಿಸಿ ನೋಡಿದರೆ ಪ್ರತಿ ಸಾಲಿನ ಮೊದಲ ಮೂರು ಗಣಗಳಲ್ಲಿ ನಾಲ್ಕು ನಾಲ್ಕು ಮಾತ್ರೆ, ಕೊನೆಯ ಗಣದಲ್ಲಿ ಮೂರು. ಆ ಉಳಿದ ಒಂದು ಮಾತ್ರೆಯಷ್ಟು ಕಾಲ ಕೊನೆಯ ಸ್ವರವನ್ನು ಎಳೆದರೆ ಎಲ್ಲರಿಗೂ ಒಟ್ಟಿಗೆ ಉಸಿರು ತೆಗೆದುಕೊಳ್ಳಲು ಬಿಡುವಾಗುತ್ತದೆ. ನಾಲ್ಕನೆಯ ಸಾಲಿನಲ್ಲಿ ‘ಎಲ್ಲರಿ’ ಎಂಬಲ್ಲಿ ಒಂದು ಗಣ ಮುಗಿದು ‘ಗಿರಲಿ’ ಎಂಬಲ್ಲಿ ಮುಂದಿನದು ಆರಂಭವಾಗುತ್ತದೆ. ಪದದ ನಡುವೆ ಗಣ ಮುರಿಯುವುದು ಕನ್ನಡದಲ್ಲಿ ದೋಷವಲ್ಲ. ಹೇಳಿಕೊಡುವವರು ಅಲ್ಲಿ ನಿಲ್ಲಿಸದಿದ್ದರೆ ಸಾಕು. ಮಹಾಪ್ರಾಣಾಕ್ಷರ ಒಂದೂ ಇಲ್ಲದಿರುವುದರಿಂದ ಮನೆಯಲ್ಲಿ ಬೇರೆ ಭಾಷೆಯನ್ನಾಡುವವರಿಗೂ ಉಚ್ಚಾರ ಕಠಿನವಾಗದು.

ಮೂರನೆಯ ಸಾಲಿನ ಭಾರ

ಪದ್ಯದಲ್ಲಿ ನಿಜವಾಗಿ ತೂಗಬೇಕಾದದ್ದು ಮೂರನೆಯ ಸಾಲು. ಅದು ಮಾತು ಕೊಡುತ್ತಿದೆ. ಜುಲೈಯಲ್ಲಿ ನೆಟ್ಟ ಸಸಿಯನ್ನು ಮಳೆಗಾಲ ತಾನೇ ನೋಡಿಕೊಳ್ಳುತ್ತದೆ. ಸಸಿಗಳು ಹೆಚ್ಚಾಗಿ ಒಣಗುವುದು ಮಳೆ ನಿಂತ ಮೇಲೆ, ಬೇರು ಇನ್ನೂ ಆಳಕ್ಕಿಳಿಯದಿರುವ ಮೊದಲ ಬೇಸಿಗೆಯಲ್ಲಿ. ನಲವತ್ತು ಸಸಿಗೆ ತಲಾ ಹತ್ತು ಲೀಟರಿನಂತೆ ಒಂದು ಸರದಿಗೆ 400 ಲೀಟರ್ ನೀರು. ವಾರಕ್ಕೆ ಎರಡು ಸರದಿಯಾದರೆ 800 ಲೀಟರ್. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ. ಆಗ ಗೇಟಿನ ಬೀಗ ತೆರೆಯುವವರಾರು, ನೀರು ಬರುವುದು ಎಲ್ಲಿಂದ, ಯಾವ ವಾರ ಯಾರ ಸರದಿ ಎಂಬುದನ್ನು ನಿರ್ಧರಿಸಿದ ಮೇಲೆಯೇ ಈ ಸಾಲನ್ನು ಬಾಯಿಗೆ ಕೊಡಬೇಕು. ಎಲ್ಲ ಸಮುದಾಯದವರಿಗೂ ಸರದಿ ಹಂಚಿದರೆ ಪದ್ಯದ ‘ನಾವು’ ನಿಜವಾಗುತ್ತದೆ.

ನೀರಿನ ಏರ್ಪಾಡು ಸಾಧ್ಯವಿಲ್ಲ, ಬೇಲಿ ಕಟ್ಟಿ ದನಕರುಗಳಿಂದ ಕಾಯುವುದಷ್ಟೇ ಕೈಲಾದೀತು ಎನ್ನುವ ಊರುಗಳಿವೆ. ಅಲ್ಲಿ ಸಾಲನ್ನೇ ಬದಲಿಸಬೇಕು: ‘ಬಲಿಯುವ ತನಕವು ಕಾಯುವೆವಿದನು’. ಮಾತ್ರೆಯೂ ಅದೇ, ಪ್ರಾಸವೂ ಅದೇ. ನೆರವೇರಿಸಲಾಗದ ಹಿರಿದಾದ ಮಾತಿಗಿಂತ ಅದು ಮೇಲು.

ಬೆಳಗಿಗೆ ಮುನ್ನ, ಬೆಳಗಿನಲ್ಲಿ

ಪದ್ಯವನ್ನು ಒಂದು ವಾರ ಮೊದಲೇ ಪ್ರತಿ ಸಮುದಾಯದ ಒಬ್ಬರಿಗೆ ತೋರಿಸಬೇಕು. ಆಗ ‘ಚೆನ್ನಾಗಿದೆಯೇ?’ ಎಂದು ಕೇಳಬಾರದು. ಸೌಜನ್ಯಕ್ಕಾಗಿ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ನಿಮಗೆ ನುಡಿಯಲು ಮನಸ್ಸು ಬಾರದ ಮಾತು ಇದರಲ್ಲಿ ಯಾವುದಾದರೂ ಇದೆಯೇ?’ ಎಂದು ಕೇಳಬೇಕು. ಇದೆ ಎಂದರೆ ಕಾರಣ ಹೇಳಿಸಿ ವಾದ ಹೂಡದೆ ಆ ಪದವನ್ನು ಬಿಡಬೇಕು. ಅನಂತರ ಐದನೆಯ ತರಗತಿಯ ಮಗುವೊಂದರಿಂದ ಗಟ್ಟಿಯಾಗಿ ಓದಿಸಬೇಕು. ಮಗು ಎರಡು ಬಾರಿ ಎಡವಿದ ಜಾಗ ದೋಷದ್ದೆಂದು ತಿಳಿಯಬೇಕು. ದಿನವನ್ನು ಗೊತ್ತುಮಾಡುವಾಗ ಭಾನುವಾರದ ಬೆಳಗು ಚರ್ಚಿನ ಆರಾಧನೆಯ ವೇಳೆಯೆಂಬುದನ್ನೂ, ಶುಕ್ರವಾರವಾದರೆ ಮಧ್ಯಾಹ್ನದ ನಮಾಜಿಗೆ ಮೊದಲೇ ಮುಗಿಯಬೇಕೆಂಬುದನ್ನೂ ನೆನಪಿಡಬೇಕು.

ಅಂದು ಬೆಳಿಗ್ಗೆ ಸಸಿಯ ಪ್ಲಾಸ್ಟಿಕ್ ಚೀಲವನ್ನು ಹರಿದು, ಗುಂಡಿಯಲ್ಲಿ ನಿಲ್ಲಿಸಿ, ಮಣ್ಣು ಮುಚ್ಚಿದ ಮೇಲೆ, ಮೊದಲ ನೀರು ಹೊಯ್ಯುವ ಮುನ್ನ ಪದ್ಯವನ್ನು ನುಡಿಯುವುದು ಸೂಕ್ತ. ಕೈಯಲ್ಲಿ ಚೆಂಬು ಇದ್ದಾಗ ಮೂರನೆಯ ಸಾಲಿನ ಅರ್ಥವನ್ನು ಯಾರೂ ವಿವರಿಸಬೇಕಾಗುವುದಿಲ್ಲ. ಒಬ್ಬರು ಒಂದು ಸಾಲು ಹೇಳಲಿ, ಎಲ್ಲರೂ ಅದನ್ನು ಮರುನುಡಿಯಲಿ. ಎರಡನೆಯ ಸುತ್ತಿನಲ್ಲಿ ನಾಲ್ಕು ಸಾಲನ್ನೂ ಒಟ್ಟಿಗೆ ನುಡಿಯಲಿ. ಒಂದೆರಡು ನಿಮಿಷದಲ್ಲಿ ಅದು ಮುಗಿಯುತ್ತದೆ.

ಅದಾದ ಬಳಿಕ ಒಂದು ನಿಮಿಷದ ಮೌನವಿರಲಿ. ಪದ್ಯವು ಬೇಕೆಂದೇ ತೆರೆದಿಟ್ಟ ಎಡೆ ತುಂಬುವುದು ಆಗ. ಒಬ್ಬರು ಕಣ್ಮುಚ್ಚಿ ಶಿವನಾಮವನ್ನು ಸ್ಮರಿಸುತ್ತಾರೆ, ಒಬ್ಬರು ಅಂಗೈ ತೆರೆದು ದುವಾ ಮಾಡುತ್ತಾರೆ, ಒಬ್ಬರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ, ಮತ್ತೊಬ್ಬರು ಸುಮ್ಮನೆ ಸಸಿಯನ್ನು ನೋಡುತ್ತ ನಿಲ್ಲುತ್ತಾರೆ. ಬಳಿಕ ಎಲ್ಲರೂ ಬಾಗಿ ನೀರೆರೆಯಲಿ. ಸರದಿಯ ಪಟ್ಟಿಯನ್ನು ಅಲ್ಲಿಯೇ ಓದಿ ಹೇಳಲಿ.